ಚೀನಾದಿಂದ ಸ್ಟೀಲ್ ಫ್ಲಾಸ್ಕ್ ತರಿಸುವ ಮುನ್ನ: ಕೊಡಗಿನ ಸಣ್ಣ ಆಮದುದಾರರಿಗೆ ಮಾರ್ಗದರ್ಶಿ

ಮಡಿಕೇರಿ, ಕುಶಾಲನಗರದ ಕಾಫಿಪುಡಿ, ಜೇನು, ಮಸಾಲೆ ಅಂಗಡಿಗಳಲ್ಲಿ ಈಗ ಸ್ಟೀಲ್ ಫ್ಲಾಸ್ಕ್ ಇಲ್ಲದ ಕಪಾಟು ಕಡಿಮೆ. ಹೋಂಸ್ಟೇ ನಡೆಸುವವರೂ ತಮ್ಮ ಹೆಸರು, ಲಾಂಛನ ಹಾಕಿಸಿದ ಫ್ಲಾಸ್ಕ್‌ಗಳನ್ನು ಅತಿಥಿಗಳಿಗೆ ಮಾರುತ್ತಿದ್ದಾರೆ. ಮೊಬೈಲ್‌ನಲ್ಲಿ ಚೀನಾದ ಕಾರ್ಖಾನೆಯೊಂದರ ದರ ನೋಡಿದವರಿಗೆ, ಬೆಂಗಳೂರಿನ ಸಗಟು ವ್ಯಾಪಾರಿಯನ್ನು ಬಿಟ್ಟು ನೇರವಾಗಿ ತರಿಸಿದರೆ ಅರ್ಧಕ್ಕರ್ಧ ಉಳಿಯುತ್ತದೆ ಎಂದು ಅನಿಸುವುದು ಸಹಜ. ಆದರೆ ಆ ದರಕ್ಕೂ ಕುಶಾಲನಗರದ ಗೋದಾಮಿನಲ್ಲಿ ಇಳಿದ ಮಾಲಿನ ದರಕ್ಕೂ ನಡುವೆ ಮೂರು ಪ್ರಶ್ನೆಗಳಿವೆ. ಈ ವಸ್ತುವನ್ನು ತರಲು ಅನುಮತಿ ಇದೆಯೇ? ಕಸ್ಟಮ್ಸ್ ಇದರ ಮೌಲ್ಯವನ್ನು ಎಷ್ಟೆಂದು ಹಿಡಿಯುತ್ತದೆ? ಇದರ ಮೇಲೆ ಆ್ಯಂಟಿ ಡಂಪಿಂಗ್ ಸುಂಕ ಇದೆಯೇ?

ಫ್ಲಾಸ್ಕ್‌ನ ವಿಷಯದಲ್ಲಿ ಈ ಮೂರೂ ಒಟ್ಟಿಗೆ ಎದುರಾಗುತ್ತವೆ. ಅದಕ್ಕಾಗಿಯೇ ಈ ಒಂದು ವಸ್ತುವನ್ನು ಹಿಡಿದು ಪೂರ್ತಿ ಲೆಕ್ಕ ಹಾಕಿ ತೋರಿಸುತ್ತೇನೆ. ಮೂರೂ ಪ್ರಶ್ನೆಗಳಿಗೆ ಮುಂಗಡ ಹಣ ಕಳಿಸುವ ಮೊದಲೇ ಉತ್ತರ ಸಿಗಬೇಕು. ಹಡಗು ಹೊರಟ ಮೇಲೆ ಸಿಗುವ ಉತ್ತರದಿಂದ ನಷ್ಟದ ಅಳತೆ ಗೊತ್ತಾಗಬಹುದೇ ಹೊರತು ನಷ್ಟ ತಪ್ಪುವುದಿಲ್ಲ.

ಮೊದಲು ಅನುಮತಿ

ಆಮದು ಮಾಡುವವರಿಗೆಲ್ಲ ಬೇಕಾದದ್ದು ಐಇಸಿ, ಅಂದರೆ ಆಮದು-ರಫ್ತು ಸಂಕೇತ ಸಂಖ್ಯೆ. dgft.gov.in ತಾಣದಲ್ಲಿ ಪ್ಯಾನ್ ಆಧಾರದ ಮೇಲೆ 500 ರೂಪಾಯಿ ಶುಲ್ಕಕ್ಕೆ ಸಿಗುತ್ತದೆ. ಇದಕ್ಕೆ ಅವಧಿ ಮುಗಿಯುವ ದಿನಾಂಕ ಇಲ್ಲ. ಆದರೆ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದೇ ತಾಣಕ್ಕೆ ಹೋಗಿ, ವಿವರ ಬದಲಾಗದಿದ್ದರೂ, ದೃಢೀಕರಿಸಬೇಕು. ಇಲ್ಲದಿದ್ದರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ. ನಂತರ ನಿಮ್ಮ ಬ್ಯಾಂಕಿನಿಂದ ಎಡಿ ಕೋಡ್, ಅಂದರೆ ವಿದೇಶಿ ವಿನಿಮಯ ವಹಿವಾಟಿಗೆ ಅಧಿಕಾರ ಪಡೆದ ಬ್ಯಾಂಕ್ ಶಾಖೆಯ ಸಂಕೇತದ ಪತ್ರ ಪಡೆದು icegate.gov.in ತಾಣದಲ್ಲಿ ಮಾಲು ಬರುವ ಬಂದರಿಗೆ ನೋಂದಾಯಿಸಿ. ನಮ್ಮ ಜಿಲ್ಲೆಯಲ್ಲಿ ಬಂದರಿಲ್ಲದಿರುವುದರಿಂದ ಯಾವ ಬಂದರು ಎಂಬುದನ್ನು ಮೊದಲೇ ತೀರ್ಮಾನಿಸಬೇಕಾಗುತ್ತದೆ. ಹತ್ತಿರದ್ದು ಪಣಂಬೂರಿನ ನವ ಮಂಗಳೂರು ಬಂದರು. ಆದರೆ ಪೂರ್ತಿ ಕಂಟೇನರ್ ತುಂಬದ ಬಿಡಿ ಸರಕು ಸಾಮಾನ್ಯವಾಗಿ ಚೆನ್ನೈಗೆ ಅಥವಾ ಅಲ್ಲಿಂದ ಬೆಂಗಳೂರಿನ ವೈಟ್‌ಫೀಲ್ಡ್ ಒಳನಾಡು ಕಂಟೇನರ್ ಡಿಪೋಗೆ ಬರುತ್ತದೆ. ದೂರ ನೋಡಿ ಬಂದರು ಆರಿಸಬೇಡಿ. ನಿಮ್ಮ ಸರಕಿನ ಗಾತ್ರಕ್ಕೆ ಯಾವ ಕಡೆ ಸೇವೆ ನಿಯಮಿತವಾಗಿದೆ ಎಂದು ಕ್ಲಿಯರಿಂಗ್ ಏಜೆಂಟರನ್ನು ಕೇಳಿ.

ಐಇಸಿ ಕೈಗೆ ಬಂದರೆ ಏನನ್ನು ಬೇಕಾದರೂ ತರಬಹುದು ಎಂದು ಹಲವರು ನಂಬಿದ್ದಾರೆ. ಅದು ಆಮದುದಾರರ ಗುರುತು ಮಾತ್ರ. ವಸ್ತುವಿಗೆ ಅನುಮತಿ ಇದೆಯೋ ಇಲ್ಲವೋ ಎಂಬುದು ಸರಕುಗಳ ವರ್ಗೀಕರಣದಲ್ಲಿ ಅದಕ್ಕಿರುವ ಎಂಟು ಅಂಕಿಯ ಎಚ್‌ಎಸ್ ಕೋಡ್‌ನ ಎದುರು ಆಮದು ನೀತಿಯಲ್ಲಿ ಏನು ಬರೆದಿದೆ ಎಂಬುದರ ಮೇಲೆ ನಿಂತಿದೆ. ಕೆಲವು ವಸ್ತುಗಳು ಮುಕ್ತ, ಕೆಲವು ನಿರ್ಬಂಧಿತ, ಕೆಲವು ನಿಷಿದ್ಧ. ನಿರ್ಬಂಧಿತ ವಸ್ತುವಿಗೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದಿಂದ ಪ್ರತ್ಯೇಕ ಪರವಾನಗಿ ಬೇಕು.

ಕೊಡಗಿನವರಿಗೆ ಇದರ ಉದಾಹರಣೆ ತೋಟದಲ್ಲೇ ಇದೆ. 2018ರ ಜುಲೈನಲ್ಲಿ ಕಾಳುಮೆಣಸಿನ ಆಮದು ನೀತಿಯನ್ನು ಮುಕ್ತದಿಂದ ನಿಷಿದ್ಧಕ್ಕೆ ಬದಲಿಸಲಾಯಿತು. ಆದರೆ ವಿಮೆ, ಹಡಗಿನ ಬಾಡಿಗೆ ಸೇರಿದ ಮೌಲ್ಯ ಕಿಲೋಗೆ 500 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆಮದು ಮುಕ್ತ ಎಂಬ ಷರತ್ತನ್ನೂ ಜೊತೆಗಿಟ್ಟರು. ಅಂದರೆ ಒಂದೇ ಕೋಡ್, ಒಂದೇ ಮೆಣಸು. ಬೆಲೆಯ ಮೇಲೆ ಅದು ನಿಷಿದ್ಧವೂ ಆಗಬಹುದು, ಮುಕ್ತವೂ ಆಗಬಹುದು. ಹಾಗಾಗಿ ನೀತಿಯ ಕಾಲಂನಲ್ಲಿ ಒಂದು ಪದ ಓದಿ ನಿಲ್ಲಿಸದೆ ಪಕ್ಕದ ಷರತ್ತಿನ ಕಾಲಂ ಓದಬೇಕು.

ಫ್ಲಾಸ್ಕ್‌ನ ಕೋಡ್ 9617ರ ಅಡಿಯಲ್ಲಿ ಬರುತ್ತದೆ. ಅದರ ನಿಜವಾದ ಬಾಗಿಲು ಇರುವುದು ಬೇರೆ ಕಡೆ: ಭಾರತೀಯ ಮಾನಕ ಬ್ಯೂರೋದಲ್ಲಿ. ಗೃಹಬಳಕೆಯ ಫ್ಲಾಸ್ಕ್, ಬಾಟಲಿ ಮತ್ತು ಬಿಸಿ ಕಾಯುವ ಡಬ್ಬಿಗಳಿಗೆ 2023ರಲ್ಲಿ ಗುಣಮಟ್ಟ ನಿಯಂತ್ರಣ ಆದೇಶ ಹೊರಬಿತ್ತು. ಸ್ಟೀಲಿನ ನಿರ್ವಾತ ಫ್ಲಾಸ್ಕ್‌ಗೆ ಅನ್ವಯಿಸುವ ಮಾನಕ ಐಎಸ್ 17526. ಇಂಥ ಆದೇಶ ಇರುವ ವಸ್ತುವಿಗೆ ಐಎಸ್‌ಐ ಗುರುತು ಕಡ್ಡಾಯ. ಆ ಗುರುತು ಹಾಕುವ ಪರವಾನಗಿ ಇರಬೇಕಾದದ್ದು ಆಮದುದಾರರ ಬಳಿಯಲ್ಲ, ಚೀನಾದಲ್ಲಿ ಅದನ್ನು ತಯಾರಿಸುವ ಕಾರ್ಖಾನೆಯ ಬಳಿ. ಬ್ಯೂರೋದ ವಿದೇಶಿ ತಯಾರಕರ ಯೋಜನೆಯಡಿ ಅದು ಸಿಗುತ್ತದೆ. ಅರ್ಜಿ, ಕಾರ್ಖಾನೆ ತಪಾಸಣೆ, ಮಾದರಿ ಪರೀಕ್ಷೆ ಎಂದು ತಿಂಗಳುಗಟ್ಟಲೆ ಹಿಡಿಯುವ ಕೆಲಸ ಅದು. ಎರಡು ಸಾವಿರ ಫ್ಲಾಸ್ಕ್ ಕೇಳುವ ನಿಮಗಾಗಿ ಯಾವ ಕಾರ್ಖಾನೆಯೂ ಹೊಸದಾಗಿ ಪರವಾನಗಿ ಮಾಡಿಸಿಕೊಳ್ಳುವುದಿಲ್ಲ. ಈಗಾಗಲೇ ಪರವಾನಗಿ ಇರುವ ಕಾರ್ಖಾನೆಯನ್ನೇ ನೀವು ಹುಡುಕಬೇಕು.

ಪರೀಕ್ಷಿಸುವ ಬಗೆ ಸುಲಭ. ಫ್ಲಾಸ್ಕ್ ಮಗುಚಿ ತಳ ನೋಡಿ. ಐಎಸ್‌ಐ ಚಿಹ್ನೆಯ ಮೇಲೆ ಮಾನಕದ ಸಂಖ್ಯೆ, ಕೆಳಗೆ CM/L ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಕಾರ್ಖಾನೆಯಿಂದ ತಳದ ಫೋಟೊ ತರಿಸಿ ಆ ಸಂಖ್ಯೆಯನ್ನು ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ. ತಯಾರಕರ ಹೆಸರು, ವಿಳಾಸ, ಮಾನಕ, ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದೆಲ್ಲ ತೆರೆಯ ಮೇಲೆ ಬರುತ್ತದೆ. ಆ ಹೆಸರು ನಿಮ್ಮ ಇನ್‌ವಾಯ್ಸ್‌ನಲ್ಲಿರುವ ತಯಾರಕರ ಹೆಸರಿನೊಂದಿಗೆ ಅಕ್ಷರಶಃ ಹೊಂದಬೇಕು. ನಮಗೆ ಮಾರುವವರು ಬಹುಪಾಲು ಕಾರ್ಖಾನೆಯವರಲ್ಲ, ವ್ಯಾಪಾರಿ ಕಂಪನಿಯವರು. ಅವರು ತೋರಿಸುವ ಪ್ರಮಾಣಪತ್ರ ಒಂದು ಕಾರ್ಖಾನೆಯದ್ದು, ಮಾಲು ಹೊರಡುವುದು ಪಕ್ಕದ ಬೀದಿಯ ಇನ್ನೊಂದರಿಂದ ಎಂಬುದು ಈ ವ್ಯಾಪಾರದಲ್ಲಿ ಮಾಮೂಲು. ತಯಾರಕರ ಹೆಸರು ಏಕೆ ಇಷ್ಟು ಮುಖ್ಯ ಎಂಬುದು ಆ್ಯಂಟಿ ಡಂಪಿಂಗ್ ಸುಂಕದ ಬಳಿ ಮತ್ತೊಮ್ಮೆ ಕಾಣುತ್ತದೆ.

ಚಿಲ್ಲರೆಯಾಗಿ ಮಾರುವ ಮಾಲಾದ್ದರಿಂದ ಕಾನೂನು ಮಾಪನಶಾಸ್ತ್ರದ ನಿಯಮದಂತೆ ಪ್ರತಿ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ, ತಿಂಗಳು-ವರ್ಷ, ಗರಿಷ್ಠ ಮಾರಾಟ ಬೆಲೆ ಬೇಕು. ಪೆಟ್ಟಿಗೆ ಮುದ್ರಿಸುವಾಗಲೇ ಅದನ್ನು ಹಾಕಿಸಿಬಿಡಿ. ಬಂದರಿನಲ್ಲಿ ಕೂಲಿಯವರಿಂದ ಎರಡು ಸಾವಿರ ಚೀಟಿ ಅಂಟಿಸುವುದು ದುಬಾರಿ.

ಮೌಲ್ಯ: ಇನ್‌ವಾಯ್ಸ್‌ನ ಮೊತ್ತವೇ ಕೊನೆಯಲ್ಲ

ಕಸ್ಟಮ್ಸ್ ಕಾಯ್ದೆಯ 14ನೇ ಕಲಂ ಮತ್ತು 2007ರ ಮೌಲ್ಯ ನಿರ್ಧಾರ ನಿಯಮಗಳ ತಿರುಳು ಇಷ್ಟು: ನೀವು ನಿಜವಾಗಿ ಕೊಟ್ಟ ಅಥವಾ ಕೊಡಬೇಕಾದ ಬೆಲೆಯೇ ಆಧಾರ, ಆದರೆ ಕೆಲವು ಖರ್ಚುಗಳನ್ನು ಅದಕ್ಕೆ ಸೇರಿಸಬೇಕು. ಯಾವುದು ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬ ಗೆರೆಯ ಮೇಲೆಯೇ ಸಣ್ಣ ಆಮದುದಾರರು ಎಡವುವುದು.

ಕುಶಾಲನಗರದಲ್ಲಿ ಕಾಫಿಪುಡಿ ಅಂಗಡಿ ಇಟ್ಟಿರುವ ಒಬ್ಬ ಮಹಿಳೆ 500 ಮಿಲಿಲೀಟರಿನ 2,000 ಸ್ಟೀಲ್ ಫ್ಲಾಸ್ಕ್ ತರಿಸುತ್ತಾರೆ ಎಂದಿಟ್ಟುಕೊಳ್ಳೋಣ. ತಯಾರಿಕೆ ಚೀನಾದ ಝೆಜಿಯಾಂಗ್ ಪ್ರಾಂತದ ಯೋಂಗ್‌ಕಾಂಗ್‌ನಲ್ಲಿ. ಫ್ಲಾಸ್ಕ್, ಲೋಟಗಳಿಗೆ ಹೆಸರಾದ ಊರು ಅದು. ನಿಂಗ್ಬೋ ಬಂದರಿನಲ್ಲಿ ಹಡಗಿಗೆ ಏರಿಸಿಕೊಡುವ ದರ, ಅಂದರೆ ಎಫ್‌ಒಬಿ, ಒಂದಕ್ಕೆ 3.20 ಡಾಲರ್. ಒಟ್ಟು 6,400 ಡಾಲರ್. ಮುಚ್ಚಳದ ಮೇಲೆ ಕಾಫಿ ಹೂವಿನ ಉಬ್ಬು ಚಿತ್ರ ಬರಬೇಕೆಂದು ಅಚ್ಚು ಮಾಡಿಸಿದ್ದಕ್ಕೆ ಪ್ರತ್ಯೇಕವಾಗಿ 400 ಡಾಲರ್ ಕಳಿಸಿದ್ದಾರೆ. ಹಡಗಿನ ಬಾಡಿಗೆ 450, ವಿಮೆ 50.

ಅಚ್ಚಿನ 400 ಡಾಲರ್ ಇನ್‌ವಾಯ್ಸ್‌ನಲ್ಲಿ ಇಲ್ಲ. ಆದರೂ ಮೌಲ್ಯಕ್ಕೆ ಸೇರುತ್ತದೆ, ಏಕೆಂದರೆ ಆ ಅಚ್ಚಿಲ್ಲದೆ ಈ ಮಾಲು ಇಲ್ಲ. ಚಿತ್ರವನ್ನು ಮಡಿಕೇರಿಯ ಕಲಾವಿದರೊಬ್ಬರಿಂದ ಬರೆಸಿ ಅವರಿಗೆ ಕೊಟ್ಟ ಹಣ ಮಾತ್ರ ಸೇರುವುದಿಲ್ಲ. ಭಾರತದೊಳಗೆ ಮಾಡಿದ ವಿನ್ಯಾಸ, ಕಲಾಕೆಲಸಕ್ಕೆ ನಿಯಮ 10ರಲ್ಲೇ ವಿನಾಯಿತಿ ಇದೆ. ವಿದೇಶದಲ್ಲಿ ಮಾಡಿಸಿದ್ದಕ್ಕೆ ಇಲ್ಲ. ಹಾಗಾಗಿ ವಿನ್ಯಾಸವನ್ನು ಇಲ್ಲೇ ಮಾಡಿಸಿ, ರಸೀದಿ ಇಟ್ಟುಕೊಳ್ಳಿ. ಅದೇ ಅಚ್ಚಿನಿಂದ ಮುಂದೆಯೂ ಮಾಲು ತರಿಸುವ ಲಿಖಿತ ಒಪ್ಪಂದ ಇದ್ದರೆ ಅಚ್ಚಿನ ಖರ್ಚನ್ನು ಒಟ್ಟು ಸಂಖ್ಯೆಯ ಮೇಲೆ ಹಂಚುವಂತೆ ಕೇಳಬಹುದು. ಒಪ್ಪಂದ ಇಲ್ಲದಿದ್ದರೆ ಮೊದಲ ಸರಕಿಗೇ ಪೂರ್ತಿ ಸೇರಿಸಿ ಮುಗಿಸುವುದು ಲೇಸು.

ಯೋಂಗ್‌ಕಾಂಗ್‌ನಲ್ಲಿ ನಿಮ್ಮ ಪರವಾಗಿ ಕಾರ್ಖಾನೆ ಹುಡುಕಿ, ಮಾಲು ನೋಡಿ ಕಳಿಸುವ ಮಧ್ಯವರ್ತಿ ಇದ್ದರೆ ಅವರಿಗೆ ಕೊಡುವ ಕಮಿಷನ್ನೂ ಇದೇ ಗೆರೆಯ ಮೇಲಿದೆ. ಕೊಳ್ಳುವವರ ಪರವಾಗಿ ಕೆಲಸ ಮಾಡಿದವರಿಗೆ ಕೊಳ್ಳುವವರೇ ಕೊಟ್ಟ ಕಮಿಷನ್ ಮೌಲ್ಯಕ್ಕೆ ಸೇರುವುದಿಲ್ಲ. ಮಾರುವವರ ಪರವಾಗಿ ಕೆಲಸ ಮಾಡಿದವರಿಗೆ ನೀವು ಕೊಟ್ಟ ಕಮಿಷನ್ ಸೇರುತ್ತದೆ. ಅವರು ಯಾರ ಪರ ಎಂಬುದಕ್ಕೆ ಒಂದು ಪುಟದ ಒಪ್ಪಂದ, ಪ್ರತ್ಯೇಕ ಬಿಲ್, ಪ್ರತ್ಯೇಕ ಬ್ಯಾಂಕ್ ಪಾವತಿ ಇದ್ದರೆ ವಾದಕ್ಕೆ ನೆಲೆ ಇರುತ್ತದೆ.

ಹಡಗಿನ ಬಾಡಿಗೆಯ ನಿಜವಾದ ಬಿಲ್ ತಪ್ಪದೆ ಪಡೆಯಿರಿ. ಅದು ಗೊತ್ತಾಗದಿದ್ದರೆ ನಿಯಮದ ಪ್ರಕಾರ ಎಫ್‌ಒಬಿ ಮೌಲ್ಯದ ಶೇ 20ರಷ್ಟನ್ನು ಬಾಡಿಗೆ ಎಂದು ಹಿಡಿಯಲಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 1,280 ಡಾಲರ್ ಆಗುತ್ತದೆ. ನಿಜವಾದ ಬಾಡಿಗೆ 450. ವಿಮೆಯ ದಾಖಲೆ ಇಲ್ಲದಿದ್ದರೆ ಎಫ್‌ಒಬಿಯ ಶೇ 1.125. ಚೆನ್ನೈ ಬಂದರಿನಿಂದ ವೈಟ್‌ಫೀಲ್ಡ್‌ಗೆ ಕಂಟೇನರ್ ಸಾಗಿಸುವ ಖರ್ಚು ಮೌಲ್ಯಕ್ಕೆ ಸೇರುವುದಿಲ್ಲ. ಬಿಲ್‌ನಲ್ಲಿ ಸಮುದ್ರದ ಬಾಡಿಗೆ ಮತ್ತು ಒಳನಾಡಿನ ಸಾಗಣೆಯನ್ನು ಬೇರೆ ಬೇರೆ ಸಾಲಿನಲ್ಲಿ ತೋರಿಸುವಂತೆ ಹೇಳಿ.

ಈಗ ಮೌಲ್ಯ: 6,400, 400, 450, 50 ಕೂಡಿಸಿದರೆ 7,300 ಡಾಲರ್. ವಿನಿಮಯ ದರ ನಿಮ್ಮ ಬ್ಯಾಂಕಿನದ್ದಲ್ಲ. ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಸರಕಿನ ವಿವರ ಕೊಡುವ ಕಸ್ಟಮ್ಸ್ ಘೋಷಣಾ ಪತ್ರ, ಸಲ್ಲಿಸಿದ ದಿನ ಚಾಲ್ತಿಯಲ್ಲಿರುವ ಕಸ್ಟಮ್ಸ್ ದರ. ಲೆಕ್ಕಕ್ಕೆ 85 ರೂಪಾಯಿ ಎಂದು ಹಿಡಿದರೆ ಮೌಲ್ಯ 6,20,500 ರೂಪಾಯಿ.

ಆ್ಯಂಟಿ ಡಂಪಿಂಗ್ ಸುಂಕ: ಬೆಲೆ ನೋಡದೆ ತೂಕ ನೋಡುವ ಸುಂಕ

ವಿದೇಶಿ ತಯಾರಕರು ತಮ್ಮ ದೇಶದಲ್ಲಿ ಮಾರುವುದಕ್ಕಿಂತ ಕಡಿಮೆ ಬೆಲೆಗೆ ಇಲ್ಲಿಗೆ ಕಳಿಸಿ, ಅದರಿಂದ ಇಲ್ಲಿನ ಉದ್ಯಮಕ್ಕೆ ಪೆಟ್ಟು ಬಿದ್ದಿದೆ ಎಂದು ಸಾಬೀತಾದರೆ ಹಾಕುವ ಸುಂಕ ಇದು. ತನಿಖೆ ಮಾಡಿ ಶಿಫಾರಸು ಮಾಡುವುದು ವಾಣಿಜ್ಯ ಸಚಿವಾಲಯದ ಅಡಿಯ ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯ. ಸುಂಕ ಹಾಕುವುದು ಹಣಕಾಸು ಸಚಿವಾಲಯ. ಚೀನಾದ ನಿರ್ವಾತ ಫ್ಲಾಸ್ಕ್‌ಗಳ ಮೇಲೆ 2025ರ ಮಾರ್ಚ್‌ನಲ್ಲಿ ಟನ್ನಿಗೆ 1,732 ಡಾಲರ್ ಸುಂಕವನ್ನು ಐದು ವರ್ಷಕ್ಕೆ ಹಾಕಲಾಯಿತು.

ಟನ್ನಿಗೆ ಎಂಬ ಮಾತನ್ನು ಗಮನಿಸಿ. ಇದು ಬೆಲೆಯ ಶೇಕಡಾವಾರು ಅಲ್ಲ. ಕಾರ್ಖಾನೆಯವರೊಂದಿಗೆ ಚೌಕಾಸಿ ಮಾಡಿ ದರ ಇಳಿಸಿದರೂ ಈ ಸುಂಕ ಒಂದು ಪೈಸೆಯೂ ಇಳಿಯುವುದಿಲ್ಲ. ನಮ್ಮ ಉದಾಹರಣೆಯ ಫ್ಲಾಸ್ಕ್ ಒಂದರ ತೂಕ 300 ಗ್ರಾಂ. 2,000ಕ್ಕೆ 600 ಕಿಲೋ, ಅಂದರೆ 0.6 ಟನ್. ಸುಂಕ 1,039.20 ಡಾಲರ್, ರೂಪಾಯಿಯಲ್ಲಿ 88,332. ಒಂದು ಫ್ಲಾಸ್ಕ್‌ಗೆ ಸುಮಾರು 44 ರೂಪಾಯಿ.

ಇದೇ ಹೊತ್ತಿಗೆ ಬೇರೊಂದು ಕಾರ್ಖಾನೆ 2.40 ಡಾಲರಿಗೆ ಅದೇ ಅಳತೆಯ ಫ್ಲಾಸ್ಕ್ ಕೊಡುತ್ತೇನೆ ಎನ್ನುತ್ತದೆ, ಆದರೆ ಅದರ ತೂಕ 450 ಗ್ರಾಂ ಎಂದುಕೊಳ್ಳಿ. ಅದಕ್ಕೆ ಬೀಳುವ ಸುಂಕ ಸುಮಾರು 78 ಸೆಂಟ್, 66 ರೂಪಾಯಿ. ಕೊಂಡ ಬೆಲೆಗೆ ಹೋಲಿಸಿದರೆ ಶೇ 32ಕ್ಕೂ ಮೇಲೆ. ಮೊದಲಿನದ್ದಕ್ಕೆ ಶೇ 16. ಅಗ್ಗದ, ಭಾರದ ಮಾಲಿಗೆ ಈ ಸುಂಕ ಎರಡು ಪಟ್ಟು ಬಿಗಿ. ಆದ್ದರಿಂದ ದರಪಟ್ಟಿ ತರಿಸುವಾಗ ಒಂದರ ನಿವ್ವಳ ತೂಕವನ್ನು ಗ್ರಾಂಗಳಲ್ಲಿ ಬರೆದು ಕೊಡಲು ಕೇಳಿ. ಪ್ಯಾಕಿಂಗ್ ಲಿಸ್ಟ್‌ನಲ್ಲಿ ಫ್ಲಾಸ್ಕ್‌ನ ನಿವ್ವಳ ತೂಕ, ಒಳಪೆಟ್ಟಿಗೆ ಸೇರಿದ ತೂಕ, ಹೊರಪೆಟ್ಟಿಗೆಯೂ ಸೇರಿದ ಒಟ್ಟು ತೂಕ ಮೂರನ್ನೂ ಬೇರೆ ಬೇರೆ ಬರೆಸಿ. ಒಟ್ಟು ತೂಕ ಒಂದೇ ಇದ್ದರೆ ರಟ್ಟಿಗೂ ಸುಂಕ ಕಟ್ಟುವ ಪ್ರಸಂಗ ಬರುತ್ತದೆ.

ನಿಮ್ಮ ಮಾಲಿಗೆ ಈ ಸುಂಕ ಅನ್ವಯಿಸುತ್ತದೆಯೇ ಎಂದು ತಿಳಿಯಲು ಎಚ್‌ಎಸ್ ಕೋಡ್ ಒಂದೇ ಸಾಲದು. ಅಧಿಸೂಚನೆಯಲ್ಲಿ ವಸ್ತುವಿನ ವಿವರಣೆ ಇರುತ್ತದೆ. ಕೋಡ್ ಕೇವಲ ಸೂಚಕ. ವಿವರಣೆಗೆ ಹೊಂದುವ ವಸ್ತುವನ್ನು ಬೇರೆ ಕೋಡ್‌ನಡಿ ತೋರಿಸಿದರೆ ಸುಂಕ ತಪ್ಪುವುದಿಲ್ಲ. dgtr.gov.in ತಾಣದಲ್ಲಿ ಆ ತನಿಖೆಯ ಅಂತಿಮ ವರದಿ ತೆರೆದು ಯಾವ ವಸ್ತು ಒಳಗೆ, ಯಾವುದು ಹೊರಗೆ ಎಂಬ ಭಾಗ ಓದಿ. ಆಮೇಲೆ ಅಧಿಸೂಚನೆಯ ಕೋಷ್ಟಕ ನೋಡಿ. ಅದರಲ್ಲಿ ಮೂಲ ದೇಶ, ರಫ್ತು ದೇಶ, ತಯಾರಕರು, ಮೊತ್ತ ಎಂಬ ಕಾಲಂಗಳಿರುತ್ತವೆ. ಇಂಥ ಕೋಷ್ಟಕಗಳಲ್ಲಿ ತನಿಖೆಗೆ ಸಹಕರಿಸಿದ ತಯಾರಕರಿಗೆ ಪ್ರತ್ಯೇಕ ದರ ಇರಬಹುದು. ಹೆಸರು ಇಲ್ಲದವರಿಗೆಲ್ಲ ಉಳಿದ ದರ, ಸಾಮಾನ್ಯವಾಗಿ ಅದೇ ಹೆಚ್ಚಿನದ್ದು. ಕಡಿಮೆ ದರ ಬೇಕೆಂದರೆ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಮೂಲ ದೇಶದ ಪ್ರಮಾಣಪತ್ರ ಮೂರರಲ್ಲೂ ತಯಾರಕರ ಹೆಸರು ಕೋಷ್ಟಕದಲ್ಲಿರುವಂತೆಯೇ ಇರಬೇಕು.

ದುಬೈ ಅಥವಾ ಇನ್ನೊಂದು ದೇಶದ ಮೂಲಕ ತರಿಸಿದರೆ ಸುಂಕ ಬೀಳುವುದಿಲ್ಲ ಎಂದು ಹೇಳುವವರು ಸಿಗುತ್ತಾರೆ. ಮಾಲು ತಯಾರಾದ ದೇಶ ಯಾವುದು ಎಂಬುದು ಹಡಗು ಬದಲಾದರೆ ಬದಲಾಗುವುದಿಲ್ಲ. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಬಂದು ನಮ್ಮ ಬೆಲೆ ಕೆಡಿಸುತ್ತಿದೆ ಎಂದು ನಮ್ಮ ಬೆಳೆಗಾರರು ಎಷ್ಟು ವರ್ಷಗಳಿಂದ ದೂರುತ್ತಿದ್ದಾರೆ! ಅದೇ ಕೆಲಸವನ್ನು ಫ್ಲಾಸ್ಕ್‌ನಲ್ಲಿ ನಾವು ಮಾಡುವುದು ನ್ಯಾಯವಲ್ಲ. ಸಿಕ್ಕಿಬಿದ್ದರೆ ಮಾಲು ಮುಟ್ಟುಗೋಲಾಗಬಹುದು, ತಪ್ಪಿಸಿದ ಸುಂಕದಷ್ಟೇ ದಂಡವೂ ಬೀಳಬಹುದು, ವಂಚನೆಯ ಪ್ರಕರಣಗಳಲ್ಲಿ ಐದು ವರ್ಷ ಹಿಂದಿನ ಸರಕಿಗೂ ನೋಟಿಸ್ ಬರಬಹುದು.

ಇನ್ನೊಂದು ಅಪಾಯ ದಿನಾಂಕದ್ದು. ಸುಂಕದ ದರ ನಿರ್ಧಾರವಾಗುವುದು ನೀವು ಆರ್ಡರ್ ಕೊಟ್ಟ ದಿನದಿಂದಲ್ಲ; ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನ, ಮುಂಗಡವಾಗಿ ಸಲ್ಲಿಸಿದ್ದರೆ ಹಡಗಿಗೆ ಒಳಬರುವ ಅನುಮತಿ ಸಿಕ್ಕ ದಿನ, ಇವೆರಡರಲ್ಲಿ ಯಾವುದು ಕೊನೆಯದೋ ಅದರಿಂದ. ಮಾಲು ಸಮುದ್ರದಲ್ಲಿರುವಾಗ ಹೊಸ ಅಧಿಸೂಚನೆ ಬಂದರೆ ಅದು ನಿಮಗೂ ಅನ್ವಯ. ಆದರೆ ಇದು ಹೇಳದೆ ಕೇಳದೆ ಬರುವ ಸುಂಕ ಅಲ್ಲ. ತನಿಖೆ ಶುರುವಾದ ಪ್ರಕಟಣೆಯಿಂದ ಅಂತಿಮ ವರದಿಗೆ ಸಾಮಾನ್ಯವಾಗಿ ಒಂದು ವರ್ಷ ಹಿಡಿಯುತ್ತದೆ, ಅದೆಲ್ಲವೂ dgtr.gov.in ತಾಣದಲ್ಲಿ ಸಾರ್ವಜನಿಕವಾಗಿರುತ್ತದೆ. ಯಾವುದೇ ಹೊಸ ವಸ್ತು ತರಿಸುವ ಮುನ್ನ ಜಾರಿಯಲ್ಲಿರುವ ಸುಂಕಗಳ ಪಟ್ಟಿಯ ಜೊತೆಗೆ ನಡೆಯುತ್ತಿರುವ ತನಿಖೆಗಳ ಪಟ್ಟಿಯನ್ನೂ ನೋಡಿ. ತನಿಖೆ ನಡೆಯುತ್ತಿದ್ದರೆ ಆಮದುದಾರರೂ ಆಸಕ್ತ ಪಕ್ಷಕಾರರಾಗಿ ನೋಂದಾಯಿಸಿಕೊಂಡು ತಮ್ಮ ಮಾತು ಹೇಳಬಹುದು. ಸಣ್ಣವರು ಯಾರೂ ಹೋಗುವುದಿಲ್ಲ ಎಂಬುದು ಬೇಸರದ ಸಂಗತಿ.

ಒಟ್ಟು ಲೆಕ್ಕ

ಮೂಲ ಕಸ್ಟಮ್ಸ್ ಸುಂಕ ಶೇ 20, ಐಜಿಎಸ್‌ಟಿ ಶೇ 18 ಎಂದು ಉದಾಹರಣೆಗಾಗಿ ಹಿಡಿಯುತ್ತೇನೆ. ಬಜೆಟ್‌ನಲ್ಲಿ, ಜಿಎಸ್‌ಟಿ ಮಂಡಳಿಯಲ್ಲಿ ಇವು ಬದಲಾಗುತ್ತಿರುತ್ತವೆ. ನಿಮ್ಮ ದಿನದ ದರವನ್ನು ಐಸ್‌ಗೇಟ್ ತಾಣದ ಸುಂಕ ಲೆಕ್ಕಾಚಾರದ ಪುಟದಲ್ಲಿ ನೋಡಿ ಅಂಕಿ ಬದಲಿಸಿಕೊಳ್ಳಿ.

ಮೌಲ್ಯ 6,20,500ರ ಮೇಲೆ ಮೂಲ ಸುಂಕ 1,24,100. ಸಮಾಜ ಕಲ್ಯಾಣ ಮೇಲ್ತೆರಿಗೆ ಮೂಲ ಸುಂಕದ ಶೇ 10, ಅಂದರೆ 12,410. ಈ ಮೇಲ್ತೆರಿಗೆ ಆ್ಯಂಟಿ ಡಂಪಿಂಗ್ ಸುಂಕದ ಮೇಲೆ ಬೀಳುವುದಿಲ್ಲ. ಆ್ಯಂಟಿ ಡಂಪಿಂಗ್ 88,332. ಇವೆಲ್ಲ ಸೇರಿದ 8,45,342ರ ಮೇಲೆ ಐಜಿಎಸ್‌ಟಿ 1,52,162. ಬಂದರಿನಲ್ಲಿ ಕಟ್ಟಬೇಕಾದ ಒಟ್ಟು ಹಣ 3,77,004 ರೂಪಾಯಿ.

ಇದರಲ್ಲಿ ಐಜಿಎಸ್‌ಟಿ ಮಾತ್ರ ಹೂಡುವಳಿ ತೆರಿಗೆ ಜಮೆಯಾಗಿ ಮರಳಿ ಸಿಗುತ್ತದೆ, ಅದೂ ನೀವು ಸಾಮಾನ್ಯ ಜಿಎಸ್‌ಟಿ ನೋಂದಣಿಯಲ್ಲಿದ್ದರೆ. ಕಾಂಪೊಸಿಷನ್ ಯೋಜನೆಯಲ್ಲಿರುವ ಅಂಗಡಿಗಳಿಗೆ ಆ ಜಮೆ ಇಲ್ಲ. ಅವರಿಗೆ ಅದೂ ಖರ್ಚೇ. ಜಮೆ ಸಿಗುವವರಿಗೆ ಒಂದು ಫ್ಲಾಸ್ಕ್ ಬೀಳುವ ಬೆಲೆ ಸುಮಾರು 423 ರೂಪಾಯಿ. ಆ್ಯಂಟಿ ಡಂಪಿಂಗ್ ಇಲ್ಲದಿದ್ದರೆ 379 ಆಗುತ್ತಿತ್ತು. 3.20 ಡಾಲರನ್ನು 85ರಿಂದ ಗುಣಿಸಿ 272 ಎಂದು ಲೆಕ್ಕ ಹಾಕಿದವರು ಈ 423ರ ಮೇಲೆ ಏಜೆಂಟರ ಶುಲ್ಕ, ಬಂದರಿನ ಖರ್ಚು, ಕುಶಾಲನಗರದವರೆಗಿನ ಲಾರಿ ಬಾಡಿಗೆ ಸೇರಿಸಿ ನೋಡಲಿ. ಬೆಂಗಳೂರಿನ ಸಗಟು ದರ ಅದಕ್ಕಿಂತ ಕಡಿಮೆ ಇದ್ದರೆ ಅಲ್ಲೇ ಕೊಳ್ಳುವುದು ಜಾಣತನ. ಲೆಕ್ಕ ಹಾಕಿದ ಮೇಲೆ ಆಮದು ಬಿಟ್ಟವರೂ ಲಾಭ ಮಾಡಿಕೊಂಡವರೇ.

ಮೌಲ್ಯವನ್ನು ಒಪ್ಪುವುದಿಲ್ಲ ಎಂದಾಗ

ಮಾಲು ಬಂದಿದೆ, ಬಿಲ್ ಆಫ್ ಎಂಟ್ರಿ ಹಾಕಿದ್ದಾಗಿದೆ. ಈಗ ಮೌಲ್ಯಮಾಪನ ಮುಖರಹಿತ ವ್ಯವಸ್ಥೆಯಲ್ಲಿ ನಡೆಯುವುದರಿಂದ ನಿಮ್ಮ ಕಡತ ನೋಡುವ ಅಧಿಕಾರಿ ದೇಶದ ಯಾವ ಮೂಲೆಯಲ್ಲಾದರೂ ಇರಬಹುದು. ಅವರ ಮುಂದೆ ಇತರರು ತರಿಸಿದ ಇಂಥದೇ ಮಾಲಿನ ದರಗಳ ದತ್ತಾಂಶ ಇರುತ್ತದೆ. "ಇದೇ ಅವಧಿಯಲ್ಲಿ ಈ ವಸ್ತು 4.60 ಡಾಲರಿಗೆ ಬಂದಿದೆ, ನಿಮ್ಮದು 3.20 ಹೇಗೆ?" ಎಂಬ ಪ್ರಶ್ನೆ ತೆರೆಯ ಮೇಲೆ ಬರುತ್ತದೆ.

ಇಂಥ ಹೊತ್ತಿನಲ್ಲಿ ಏಜೆಂಟರಿಂದ ಬರುವ ಫೋನ್ ಕರೆ ಬಹುಪಾಲು ಒಂದೇ ಬಗೆಯದ್ದು: "ಮೇಡಂ, ಅವರು ಹೇಳಿದ ದರ ಒಪ್ಪಿಬಿಡಿ, ನಾಳೆ ಮಾಲು ಹೊರಗೆ ಬರುತ್ತದೆ. ವಾದಕ್ಕೆ ನಿಂತರೆ ಗೋದಾಮು ಬಾಡಿಗೆ ಏರುತ್ತದೆ." ಅವರ ಮಾತಿನಲ್ಲಿ ಸತ್ಯ ಇದೆ. ಆದರೆ ಒಪ್ಪಿಗೆ ಬರೆದುಕೊಡುವ ಮುನ್ನ ಅದರ ಬೆಲೆ ಗೊತ್ತಿರಲಿ. 4.60ಕ್ಕೆ ಏರಿಸಿದರೆ ಮೌಲ್ಯ 2,38,000 ರೂಪಾಯಿ ಹೆಚ್ಚುತ್ತದೆ. ಮರಳಿ ಸಿಗದ ಸುಂಕ 52,360, ಫ್ಲಾಸ್ಕ್‌ಗೆ 26 ರೂಪಾಯಿ. ಇದಕ್ಕಿಂತ ದೊಡ್ಡದು, ನೀವೇ ಲಿಖಿತವಾಗಿ ಒಪ್ಪಿದ ಮೇಲೆ ಕಾರಣ ಸಹಿತ ಆದೇಶ ಕೇಳುವ ಹಕ್ಕು ಹೋಗುತ್ತದೆ, ಆ ದರವೇ ನಿಮ್ಮ ಮುಂದಿನ ಸರಕಿಗೂ ಅಳತೆಗೋಲಾಗುತ್ತದೆ.

ಇತರರ ದರ ಹೆಚ್ಚಿದೆ ಎಂಬುದು ಅನುಮಾನಕ್ಕೆ ಕಾರಣ ಆಗಬಹುದು. ಅದೊಂದೇ ನಿಮ್ಮ ಬೆಲೆಯನ್ನು ತಳ್ಳಿಹಾಕಲು ಸಾಲದು. ಐಷರ್ ಟ್ರ್ಯಾಕ್ಟರ್ಸ್ ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟ್, ನಿಯಮಗಳಲ್ಲಿ ಹೇಳಿದ ವಿನಾಯಿತಿಗಳ ಹೊರತು ನಿಜವಾದ ವಹಿವಾಟಿನ ಬೆಲೆಯನ್ನೇ ಒಪ್ಪಬೇಕು ಎಂದಿದೆ. ನಿಯಮ 12ರಂತೆ ಅಧಿಕಾರಿ ಮೊದಲು ವಿವರ ಕೇಳಬೇಕು. ನೀವು ಕೋರಿದರೆ ಅನುಮಾನದ ಕಾರಣವನ್ನು ಬರೆದು ತಿಳಿಸಬೇಕು, ನಿಮ್ಮ ಮಾತು ಕೇಳಬೇಕು. ಆಮೇಲೂ ತಳ್ಳಿಹಾಕಿದರೆ ನೇರವಾಗಿ ತಮಗೆ ತೋಚಿದ ದರಕ್ಕೆ ಹೋಗುವಂತಿಲ್ಲ: ಮೊದಲು ತದ್ರೂಪ ಮಾಲಿನ ದರ, ಅದು ಸಿಗದಿದ್ದರೆ ಹೋಲುವ ಮಾಲಿನ ದರ, ಹೀಗೆ ಕ್ರಮವಾಗಿ ಸಾಗಬೇಕು.

ನಿಮ್ಮ ಉತ್ತರ ಅಂಕಿಗಳಲ್ಲಿರಲಿ. ಪ್ರೊಫಾರ್ಮಾ ಇನ್‌ವಾಯ್ಸ್, ಚೌಕಾಸಿಯ ಇಮೇಲ್‌ಗಳು, ಬ್ಯಾಂಕಿನ ಸ್ವಿಫ್ಟ್ ಪ್ರತಿ, ಕಾರ್ಖಾನೆಯ ದರಪಟ್ಟಿ ಜೊತೆಗಿಡಿ. ಎದುರಿಗೆ ಇಟ್ಟ 4.60ರ ಫ್ಲಾಸ್ಕ್ ಎಷ್ಟು ಮಿಲಿಲೀಟರಿನದು, ಒಳಗೋಡೆ ಯಾವ ದರ್ಜೆಯ ಸ್ಟೀಲು, ಎಷ್ಟು ತೂಕ, ಎಷ್ಟು ಸಂಖ್ಯೆಯ ಆರ್ಡರ್, ಬ್ರ್ಯಾಂಡ್ ಇದೆಯೇ ಎಂದು ಕೇಳಿ. 304 ದರ್ಜೆಯ, ಉಷ್ಣತೆ ತೋರಿಸುವ ಮುಚ್ಚಳದ 750 ಮಿಲಿಲೀಟರಿನ ಫ್ಲಾಸ್ಕ್ ನಿಮ್ಮದಕ್ಕೆ ತದ್ರೂಪವಲ್ಲ. ಬಿಲ್ ಆಫ್ ಎಂಟ್ರಿಯಲ್ಲಿ ಬರೀ "ಸ್ಟೀಲ್ ಫ್ಲಾಸ್ಕ್" ಎಂದು ಬರೆಸಿದವರಿಗೆ ಈ ವಾದ ಕಷ್ಟ. ಆದ್ದರಿಂದ ಗಾತ್ರ, ದರ್ಜೆ, ತೂಕ, ಮಾದರಿ ಸಂಖ್ಯೆಯನ್ನು ಮೊದಲೇ ವಿವರಣೆಯಲ್ಲಿ ಬರೆಸಿ.

ವಾದ ಮುಗಿಯುವವರೆಗೆ ಮಾಲು ಕೂತಿರಬೇಕಾಗಿಲ್ಲ. 18ನೇ ಕಲಮಿನಡಿ ತಾತ್ಕಾಲಿಕ ಮೌಲ್ಯಮಾಪನ ಕೋರಿ, ಬಾಂಡ್ ಮತ್ತು ಭದ್ರತೆ ಕೊಟ್ಟು ಮಾಲು ಬಿಡಿಸಿಕೊಳ್ಳಬಹುದು. ಇಲ್ಲವೇ ಹೆಚ್ಚಿನ ಸುಂಕವನ್ನು ಆಕ್ಷೇಪಣೆಯೊಂದಿಗೆ ಕಟ್ಟುತ್ತಿದ್ದೇನೆ ಎಂದು ಬರೆದು ಕಟ್ಟಿ, ಕಾರಣ ಸಹಿತ ಆದೇಶ ಕೇಳಿ. ಲಿಖಿತ ಒಪ್ಪಿಗೆ ಕೊಡದಿದ್ದಲ್ಲಿ ಮರುಮೌಲ್ಯಮಾಪನವಾದ 15 ದಿನದೊಳಗೆ ಆ ಆದೇಶ ಹೊರಡಿಸಬೇಕೆಂದು 17ನೇ ಕಲಂ ಹೇಳುತ್ತದೆ. ಆದೇಶ ಕೈಸೇರಿದ 60 ದಿನದೊಳಗೆ ಆಯುಕ್ತರ ಮುಂದೆ ಮೇಲ್ಮನವಿ ಸಲ್ಲಿಸಬಹುದು. ವಿವಾದದ ಸುಂಕದ ಶೇ 7.5 ಮುಂಗಡವಾಗಿ ಕಟ್ಟಿರಬೇಕು. ಐವತ್ತು ಸಾವಿರದ ವಿವಾದಕ್ಕೆ ವಕೀಲರ ಶುಲ್ಕ ಅದಕ್ಕಿಂತ ಹೆಚ್ಚಾಗಬಹುದು ಎಂಬುದೂ ನಿಜ. ನನ್ನ ಅಭಿಪ್ರಾಯ ಹೀಗೆ: ಅದೇ ಮಾಲನ್ನು ಮತ್ತೆ ಮತ್ತೆ ತರಿಸುವವರು ಮೊದಲ ಸರಕಿನಲ್ಲೇ ಹೋರಾಡಬೇಕು. ಒಮ್ಮೆ ಮಾತ್ರ ತರಿಸುವವರು ಚೆನ್ನಾಗಿ ಉತ್ತರಿಸಿ, ಆಮೇಲೆ ಲಾಭನಷ್ಟ ತೂಗಿ ತೀರ್ಮಾನಿಸಬೇಕು.

ಅರ್ಧ ಹಣ ಇನ್‌ವಾಯ್ಸ್‌ನಲ್ಲಿ, ಉಳಿದರ್ಧ ಬೇರೆ ದಾರಿಯಲ್ಲಿ ಕಳಿಸುವ ಸಲಹೆ ಕೊಡುವವರಿಂದ ದೂರವಿರಿ. ಹಾಗೆ ಮಾಡಿದವರ ಬಳಿ ಮೇಲಿನ ಯಾವ ದಾಖಲೆಯೂ ಉತ್ತರವಾಗಿ ಉಳಿಯುವುದಿಲ್ಲ. ಫ್ಲಾಸ್ಕ್‌ನ ವಿಷಯದಲ್ಲಿ ಅದರಿಂದ ಆ್ಯಂಟಿ ಡಂಪಿಂಗ್ ಸುಂಕವೂ ಇಳಿಯುವುದಿಲ್ಲ, ತೂಕ ಅಷ್ಟೇ ಇರುತ್ತದೆ.

ಸಮಯದ ಲೆಕ್ಕ ಒಂದಿದೆ. ಸಮುದ್ರ ಬಂದರಿಗೆ ಬರುವ ಸರಕಿನ ಬಿಲ್ ಆಫ್ ಎಂಟ್ರಿಯನ್ನು ಹಡಗು ಬರುವ ಹಿಂದಿನ ದಿನ ಮುಗಿಯುವುದರೊಳಗೆ ಸಲ್ಲಿಸಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ನಂತರ ದಿನಕ್ಕೆ 10,000. ಮಂಗಳೂರಿನ ಕಡೆಯಿಂದ ತರಿಸುವವರು ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಂಪಾಜೆ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಬಿಡುಗಡೆಯಾದ ಮಾಲೂ ಬಂದರಿನ ಗೋದಾಮಿನಲ್ಲೇ ಬಾಡಿಗೆ ತಿನ್ನುತ್ತಾ ಕೂರುತ್ತದೆ.

ಮಾಲು ಕಪಾಟಿಗೆ ಬಂದ ಮೇಲೆ ಕಡತವನ್ನು ಕಟ್ಟಿ ಇಡಿ: ಬಿಲ್ ಆಫ್ ಎಂಟ್ರಿ, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಾಡಿಗೆ ಮತ್ತು ವಿಮೆಯ ಬಿಲ್, ಅಚ್ಚಿನ ಪಾವತಿ, ತಯಾರಕರ ಪರವಾನಗಿಯ ಪ್ರತಿ, ಬ್ಯಾಂಕ್ ಪತ್ರಗಳು, ಇಮೇಲ್‌ಗಳ ಮುದ್ರಿತ ಪ್ರತಿ. ಕಸ್ಟಮ್ಸ್‌ನವರು ಲೆಕ್ಕ ತಪಾಸಣೆಗೆ ಐದು ವರ್ಷದೊಳಗೆ ಯಾವಾಗ ಬೇಕಾದರೂ ಕೇಳಬಹುದು. ಇಮೇಲ್‌ಗಳು ಮಧ್ಯವರ್ತಿಯ ಖಾತೆಯಲ್ಲಿ ಮಾತ್ರ ಇದ್ದರೆ ಇವತ್ತೇ ತರಿಸಿಕೊಳ್ಳಿ.